23 ಮಂದಿಯಲ್ಲಿ ಎಷ್ಟು ಮಂದಿ?

ಆಸ್ಪತ್ರೆಯ ಫಾರ್ಮಸಿಯಲ್ಲಿ ಡ್ಯೂಟಿ ಮುಗಿಸಿ ಬಂದ ಮೇಲೆ ನಾವು ಗಂಡ-ಹೆಂಡತಿ ಸೇರಿ ಒಂದು ಆನ್‌ಲೈನ್ ಕೋರ್ಸ್ ನಡೆಸುತ್ತೇವೆ. ಊರಿನ ಡಿ.ಫಾರ್ಮ್ ಹುಡುಗರನ್ನು ಗಲ್ಫಿನ ಲೈಸೆನ್ಸ್ ಪರೀಕ್ಷೆಗೆ ಕನ್ನಡದಲ್ಲಿ ತಯಾರು ಮಾಡುವ ಕೋರ್ಸ್ ಅದು.

ಮೊದಲ ತಂಡದಲ್ಲಿ 23 ಮಂದಿ ಇದ್ದರು. ಪಾಸಾದ ಐವರ ಫೋಟೊ, ‘ಸೂಪರ್ ಕೋರ್ಸ್ ಸರ್’ ಎಂಬ ಅವರ ವಾಟ್ಸ್‌ಆ್ಯಪ್ ಸಂದೇಶ ಹಾಕಿ ಜಾಹೀರಾತು ಮಾಡಿದೆವು. ಅದನ್ನು ನಂಬಿ ಒಬ್ಬ ಹುಡುಗ ಸಾಲ ಮಾಡಿ ಫೀಸು ಕಟ್ಟಿದ, ಫೇಲಾದ. ‘ಸೇರಿದವರೆಲ್ಲ ಪಾಸಾಗ್ತಾರೆ ಅಂದ್ಕೊಂಡಿದ್ದೆ ಸರ್’ ಎಂದ. ನಾವು ಹಾಗೆ ಹೇಳಿರಲಿಲ್ಲ, ಆದರೆ ಹಾಗೆ ಕಾಣುವಂತೆ ಮಾಡಿದ್ದೆವು.

ಆ ವರ್ಷದ ರಜೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಭಾವಮೈದುನನ ಮನೆಗೆ ಹೋಗಿದ್ದೆವು. ಮೂರು ವಿಶ್ವವಿದ್ಯಾಲಯಗಳ ನಡುವೆ 1959ರಲ್ಲಿ ಹುಟ್ಟಿದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಅವನಿಗೆ ಹೊಸ ಔಷಧಿಗಳ ಪ್ರಯೋಗದ ಲೆಕ್ಕ ನೋಡುವ ಕೆಲಸ. ನಮ್ಮ ಜಾಹೀರಾತು ನೋಡಿ ಕೇಳಿದ: “ಭಾವ, 23 ಮಂದಿಯಲ್ಲಿ ಎಷ್ಟು ಮಂದಿ ಪಾಸಾದ್ರು? ನಾವು ಪ್ರಯೋಗದ ಮಧ್ಯೆ ಬಿಟ್ಟು ಹೋದವರನ್ನೂ ಲೆಕ್ಕಕ್ಕೆ ಹಿಡೀತೇವೆ. ಗುಣವಾದವರ ಫೋಟೊ ಮಾತ್ರ ತೋರಿಸಿದ್ರೆ ನೀವು ಆ ಮಾತ್ರೆ ಕೊಡ್ತೀರಾ?” ಸುಳ್ಳು ಅಭಿಪ್ರಾಯ ಮಾರುವುದನ್ನೂ ಹೊಗಳಬೇಕೆಂಬ ಷರತ್ತಿನ ಮೇಲೆ ಹಣ ಕೊಡುವುದನ್ನೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಿಂದ ನಿಷೇಧಿಸಿದೆ ಎಂದೂ ಹೇಳಿದ. ನಮ್ಮವು ಸುಳ್ಳು ಮಾತುಗಳಲ್ಲ, ಆರಿಸಿದ ಮಾತುಗಳು. ಓದುವವನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮರಳಿ ಬಂದು ಫೀಸಿನ ಸಾಲಿನ ಮೇಲೆಯೇ ಬರೆದೆವು: ಸೇರಿದವರು 23, ಪರೀಕ್ಷೆ ಬರೆದವರು 17, ಪಾಸಾದವರು 11.

ಆಮೇಲೆ ಕೇಳುವ ರೀತಿ ಬದಲಿಸಿದೆವು. ‘ಕೋರ್ಸ್ ಹೇಗಿತ್ತು?’ ಎಂದರೆ ‘ಸೂಪರ್’ ಎಂದೇ ಉತ್ತರ ಬರುತ್ತದೆ. ಈಗ ಫಲಿತಾಂಶ ಬಂದ ವಾರದೊಳಗೆ, ಪಾಸಾದವರಿಗೂ ಫೇಲಾದವರಿಗೂ ಮೂರೇ ಪ್ರಶ್ನೆ: ಸೇರುವ ಮುಂಚೆ ಏನು ಅನುಮಾನವಿತ್ತು, ಯಾವ ಪಾಠ ಉಪಯೋಗಕ್ಕೆ ಬಂತು, ಏನು ಸಿಗಲಿಲ್ಲ. ಉತ್ತರ ವಾಯ್ಸ್ ಮೆಸೇಜಿನಲ್ಲಿ, ಅವರದೇ ಮಾತಿನಲ್ಲಿ. ಬಳಸಲು ಬರಹದಲ್ಲಿ ಒಪ್ಪಿಗೆ ಪಡೆಯುತ್ತೇವೆ. ಕಂಪನಿಯ ಭಯವಿದ್ದರೆ ಹೆಸರು ಹಾಕುವುದಿಲ್ಲ. ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಯಾರಾದರೂ ಹೇಳಿದ್ದರೆ ಆ ಮೆಸೇಜನ್ನೇ ಬಿಡುತ್ತೇವೆ, ಇಲ್ಲವಾದರೆ ಅವರಿಗೇ ತೊಂದರೆ.

ಅನುಮಾನ ಎಲ್ಲಿ ಹುಟ್ಟುತ್ತದೋ ಅಲ್ಲೇ ಉತ್ತರ ಇಡುತ್ತೇವೆ. ‘ನೈಟ್ ಡ್ಯೂಟಿಯಲ್ಲಿ ಲೈವ್ ಕ್ಲಾಸ್ ಸಿಗಲಿಲ್ಲ, ರೆಕಾರ್ಡಿಂಗ್ ನೋಡಿ ಡೋಸ್ ಲೆಕ್ಕ ಕಲಿತೆ’ ಎಂಬ ಮಾತು ವೇಳಾಪಟ್ಟಿಯ ಪಕ್ಕದಲ್ಲಿದೆ.

ಮೊದಲು ವಿಚಾರಿಸಿದ 50 ಮಂದಿಯಲ್ಲಿ 4 ಮಂದಿ ಸೇರುತ್ತಿದ್ದರು, ಈಗ 7. ಸಣ್ಣ ಲೆಕ್ಕ, ಇದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ. ಆದರೆ ಸೇರಿದ ಮೇಲೆ ಹಣ ವಾಪಸ್ ಕೇಳುವವರು ಕಡಿಮೆಯಾದದ್ದು ನಮಗೆ ಹೆಚ್ಚು ನಂಬಿಕೆಯ ಗುರುತು.

ಫೇಲಾದ ಹುಡುಗನನ್ನು ಮುಂದಿನ ತಂಡಕ್ಕೆ ಫೀಸಿಲ್ಲದೆ ಸೇರಿಸಿಕೊಂಡೆವು. ಫೀಸಿನ ಪಕ್ಕದಲ್ಲಿ ಈಗ ಮೊದಲು ಕೇಳುವುದು ಅವನ ದನಿ: ‘ದಿನಕ್ಕೆ ಒಂದು ಗಂಟೆ ಸಿಗದವರು ಈಗಲೇ ಸೇರಬೇಡಿ.’ ಅದರ ಕೆಳಗೆ ‘ಇವರು ಈಗ ಉಚಿತವಾಗಿ ಕಲಿಯುತ್ತಿದ್ದಾರೆ’ ಎಂದೂ ಬರೆದಿದ್ದೇವೆ.