ಜಮಖಾನೆಯಿಂದ ಬಾಡಿಗೆ ಕೋಣೆಗೆ

ತೊಂಬತ್ತರ ದಶಕದಲ್ಲಿ ಮೈಸೂರಿನ ನಮ್ಮ ಬೀದಿಯಲ್ಲಿ ಟ್ಯೂಷನ್ ಎಂದರೆ ನಮ್ಮ ಅತ್ತಿಗೆಯ ಮನೆಯ ಹಜಾರ. ಸಂಜೆ ಐದಾಗುತ್ತಲೇ ಜಮಖಾನೆ ಹಾಸುತ್ತಿದ್ದರು, ಗೋಡೆಗೆ ಕರಿಹಲಗೆ ಒರಗಿಸುತ್ತಿದ್ದರು. ಒಳಗಿನಿಂದ ಹುಳಿಯ ಒಗ್ಗರಣೆ ವಾಸನೆ ಬರುತ್ತಿರುವಾಗಲೇ ಬೀಜಗಣಿತ ನಡೆಯುತ್ತಿತ್ತು. ಫೀಸಿಗೆ ಲೆಕ್ಕಾಚಾರವೇನೂ ಇರಲಿಲ್ಲ. ಪಕ್ಕದ ಬೀದಿಯ ಮೇಷ್ಟ್ರು ಎಷ್ಟು ತೆಗೆದುಕೊಳ್ಳುತ್ತಾರೋ ಅಷ್ಟೇ ಇವರೂ. ಬಾಡಿಗೆ ಇಲ್ಲ, ಕರೆಂಟು ಮನೆಯ ಬಿಲ್ಲಿನಲ್ಲೇ ಸೇರಿಹೋಗುತ್ತಿತ್ತು, ಸೀಮೆಸುಣ್ಣದ ಡಬ್ಬಿಯೊಂದೇ ಖರ್ಚು. ಬಂದದ್ದೆಲ್ಲ ಉಳಿಕೆ ಎಂದೇ ನಾವು ಅಂದುಕೊಂಡಿದ್ದೆವು. ಹಜಾರಕ್ಕೂ ಅವರ ಸಂಜೆಗೂ ಬೆಲೆ ಕಟ್ಟಿದವರಿಲ್ಲ.

ಕೊರೊನಾ ಕಳೆದ ಮೇಲೆ ಅತ್ತಿಗೆಯ ಮಗಳು ಅದೇ ಕೆಲಸಕ್ಕೆ ಇಳಿದಳು. ಮನೆ ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಆಗಿತ್ತು. ಹದಿನಾಲ್ಕು ಜೋಡಿ ಚಪ್ಪಲಿ ಬಾಗಿಲ ಮುಂದೆ ಬಿದ್ದರೆ ಅಸೋಸಿಯೇಷನ್‌ನವರು ಸುಮ್ಮನಿರುತ್ತಾರೆಯೇ? ಹಾಗಾಗಿ ಮುಂದಿನ ರಸ್ತೆಯ ಮಹಡಿಯ ಮೇಲೆ ತಿಂಗಳಿಗೆ 4,000 ರೂಪಾಯಿಗೆ ಒಂದು ಕೋಣೆ ಹಿಡಿದಳು. ಕೆಳಗೆ ಅಂಗಡಿ ಇದ್ದುದರಿಂದ ಅದು ವಾಣಿಜ್ಯ ಮೀಟರು. 2023ರಲ್ಲಿ ಗೃಹಜ್ಯೋತಿ ಬಂದಾಗ ಮನೆಯ ಬಿಲ್ಲು ಸೊನ್ನೆಯಾಯಿತೇ ಹೊರತು ಈ ಕೋಣೆಯದು ಆಗಲಿಲ್ಲ. ಆ ಯೋಜನೆ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ.

ಅವಳ ಲೆಕ್ಕದ ಪುಸ್ತಕ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಖರ್ಚು ಕಳೆದು ಕೈಗೆ ತಿಂಗಳಿಗೆ 18,000 ಬರಬೇಕು ಎಂಬುದು ಅವಳ ಆಸೆ. ಬಾಡಿಗೆ 4,000, ಕರೆಂಟು 500, ಪ್ರಶ್ನೆಪತ್ರಿಕೆಯ ಜೆರಾಕ್ಸ್, ಮಾರ್ಕರ್, ಹಾಳೆಗೆಂದು 1,000. ಎಲ್ಲ ಕೂಡಿಸಿದರೆ 23,500. ಎರಡು ಬ್ಯಾಚು ಸೇರಿ 28 ಮಕ್ಕಳು. ಭಾಗಿಸಿದರೆ ತಲೆಗೆ 840 ರೂಪಾಯಿ. ನೋಡಲು ಸರಿಯಾಗೇ ಇತ್ತು.

ಅತ್ತಿಗೆ ಕನ್ನಡಕ ಏರಿಸಿ ಹಾಳೆ ನೋಡಿದರು. "ಏಪ್ರಿಲ್, ಮೇನಲ್ಲಿ ನಿನಗೆ ಫೀಸು ಯಾರು ಕೊಡ್ತಾರೆ? ಮನೆ ಓನರು ಆ ಎರಡು ತಿಂಗಳು ಬಾಡಿಗೆ ಬಿಡ್ತಾನೇನು?" ಎಂದರು. ಮೂವತ್ತು ವರ್ಷ ಬೇಸಿಗೆ ರಜೆಯಲ್ಲಿ ಬರಿಗೈಲಿ ಕೂತವರ ಮಾತು.

ಅಲ್ಲಿಂದ ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕಿದೆವು. ಬಾಡಿಗೆ ಹನ್ನೆರಡು ತಿಂಗಳಿಗೆ 48,000. ಕರೆಂಟು 6,000, ಫ್ಯಾನು ಓಡಲಿ ಬಿಡಲಿ ನಿಗದಿ ಶುಲ್ಕ ಬಂದೇ ಬರುತ್ತದೆ. ಸಾಮಗ್ರಿ ಮಾತ್ರ ಪಾಠ ನಡೆಯುವ ಹತ್ತು ತಿಂಗಳಿಗೆ, 10,000. ಅವಳ ದುಡಿಮೆ 2,16,000, ಏಕೆಂದರೆ ಊಟಕ್ಕೆ ರಜೆಯಿಲ್ಲ. ಒಟ್ಟು 2,80,000. ಇದು ಹತ್ತೇ ತಿಂಗಳ ಫೀಸಿನಲ್ಲಿ ಹುಟ್ಟಬೇಕು.

ಇನ್ನು 28 ಎಂಬ ಸಂಖ್ಯೆ. ಹಾಜರಿ ಪುಸ್ತಕದಲ್ಲಿ 28 ಇದ್ದರೂ ಫೀಸಿನ ಪುಸ್ತಕದಲ್ಲಿ ಅಷ್ಟು ಯಾವತ್ತೂ ಇರುವುದಿಲ್ಲ. ಅಣ್ಣತಮ್ಮ ಇಬ್ಬರು ಬಂದರೆ ಒಬ್ಬನಿಗೆ ಅರ್ಧ. ಜೂನ್‌ನಲ್ಲಿ ಸೇರಬೇಕಾದವರು ಮೊದಲ ಟೆಸ್ಟಿನ ಅಂಕ ನೋಡಿ ಆಗಸ್ಟಿಗೆ ಬರುತ್ತಾರೆ. ದಸರಾ ರಜೆ ಬಂದರೆ "ಮಿಸ್, ಈ ತಿಂಗಳು ಅರ್ಧವೇ ಅಲ್ವಾ ನಡೆದದ್ದು?" ಎಂಬ ಚೌಕಾಸಿ. ಎಲ್ಲಕ್ಕಿಂತ ಹೆಚ್ಚಾಗಿ ಹತ್ತನೆಯವರು ಪರೀಕ್ಷೆ ಹತ್ತಿರವಾದಂತೆ ಓದಲು ಮನೆಯಲ್ಲೇ ಉಳಿದು, ಕೊನೆಯ ತಿಂಗಳ ಫೀಸನ್ನೂ ಅಲ್ಲೇ ಉಳಿಸಿಕೊಳ್ಳುತ್ತಾರೆ. ಇಷ್ಟನ್ನೂ ಕಳೆದು ಪೂರ್ತಿ ಕೊಡುವವರು ಸರಾಸರಿ 25 ಎಂದು ಹಿಡಿದೆವು. ಹತ್ತು ತಿಂಗಳಿಗೆ 250 ಫೀಸು. 2,80,000ವನ್ನು ಅದರಿಂದ ಭಾಗಿಸಿದರೆ 1,120.

840 ಎಲ್ಲಿ, 1,120 ಎಲ್ಲಿ! ಹಳೆಯ ಲೆಕ್ಕದಂತೆ ಹೋಗಿದ್ದರೆ ವರ್ಷಕ್ಕೆ 70,000 ಕಡಿಮೆ ಬೀಳುತ್ತಿತ್ತು. ಮಜವೆಂದರೆ, ಅದು ಗೊತ್ತಾಗುವುದು ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಪ್ರತಿ ತಿಂಗಳೂ ಕೈಯಲ್ಲಿ ದುಡ್ಡು ಓಡಾಡುತ್ತಲೇ ಇರುತ್ತದೆ.

ಆದರೆ ಹಿಂದಿನ ಬೀದಿಯಲ್ಲಿ ಇನ್ನೂ ಮನೆಯ ಹಜಾರದಲ್ಲೇ ಪಾಠ ಹೇಳುವವರು 600ಕ್ಕೆ ಕರೆಯುತ್ತಿದ್ದರು. ಅವರ ಜೊತೆ ಪೈಪೋಟಿಗೆ ಇಳಿದು ಅರ್ಥವಿರಲಿಲ್ಲ. ಮಗಳು 1,100ಕ್ಕೆ ನಿಲ್ಲಿಸಿದಳು. ಕಡಿಮೆ ಬಿದ್ದ 5,000ಕ್ಕೆ ಏಪ್ರಿಲ್‌ನಲ್ಲಿ ಒಂಬತ್ತು ಮುಗಿಸಿದ ಹನ್ನೆರಡು ಮಕ್ಕಳಿಗೆ ತಲೆಗೆ 500ರಂತೆ ಒಂದು ರಜಾ ಬ್ಯಾಚು ನಡೆಸಿದಳು. ಆ ತಿಂಗಳ ಬಾಡಿಗೆ ಹೇಗೂ ಕೊಡಲೇಬೇಕಿತ್ತಲ್ಲ. ಫೀಸು ತಿಂಗಳ ಐದನೇ ತಾರೀಖಿನೊಳಗೆ ಮುಂಗಡ ಎಂದು ಸೇರುವಾಗಲೇ ಹೇಳಿದಳು. ಹತ್ತನೆಯವರಿಂದ ಕೊನೆಯ ತಿಂಗಳದ್ದನ್ನು ಜೂನ್‌ನಲ್ಲೇ ಪಡೆದಳು.

ಮರುವರ್ಷ ಓನರು ಬಾಡಿಗೆಯನ್ನು ಶೇಕಡ 5 ಏರಿಸಿದಾಗ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಲೆಕ್ಕ ಹಾಕಿದರೆ ಒಂದು ಫೀಸಿನ ಮೇಲೆ ಹತ್ತು ರೂಪಾಯಿಯೂ ಬೀಳಲಿಲ್ಲ. ಅದೇ ವರ್ಷ ಇಬ್ಬರು ಹುಡುಗರು ಜೂನ್‌ನಲ್ಲೇ ದೊಡ್ಡ ಕೋಚಿಂಗ್ ಸೆಂಟರಿಗೆ ಹೋದರು. ಯಾರೂ ಅದರ ಬಗ್ಗೆ ಮಾತನಾಡಲಿಲ್ಲ. ಹೋದದ್ದು 22,000, ಐದೂವರೆ ತಿಂಗಳ ಹಳೆಯ ಬಾಡಿಗೆ.