ಹಪ್ಪಳದ ಬೆಲೆಪಟ್ಟಿ

ಚಾಪೆಯ ಮೇಲೆ ಒಣಗಿದ ಹಲಸಿನ ಹಪ್ಪಳವನ್ನು ಮುರಿದರೆ ಟಕ್ಕೆಂದು ಸದ್ದಾಗಬೇಕು. ಬಾಗಿದರೆ ಇನ್ನೊಂದು ದಿನದ ಬಿಸಿಲು ಬೇಕು. ಈ ಪರೀಕ್ಷೆ ನನಗೆ ಅಜ್ಜಿಯಿಂದ ಬಂತು. ಬೆಲೆ ಕಟ್ಟುವುದನ್ನು ಮಾತ್ರ ಕಲಿತದ್ದು ಶಿವಮೊಗ್ಗದ ಒಬ್ಬ ಏಜೆನ್ಸಿಯವರ ಗೋಡೌನಿನಲ್ಲಿ.

ಅಂದು ಹತ್ತು ಪ್ಯಾಕೆಟ್ ಹಿಡಿದುಕೊಂಡು ಹೋಗಿದ್ದೆ. ಹಲಸು, ಕೂಲಿ, ಕವರು ಸೇರಿ ಪ್ಯಾಕೆಟ್ಟಿಗೆ 58 ರೂಪಾಯಿ ಬಿದ್ದಿತ್ತು. 80ಕ್ಕೆ ಕೊಡುತ್ತೇನೆ ಎಂದೆ. ಅವರು ಪ್ಯಾಕೆಟ್ ತಿರುಗಿಸಿ ನೋಡಿದರು. “ಅಕ್ಕಾ, ಎಂಆರ್‌ಪಿ ನೂರು ಅಂತ ಹಾಕಿಸಿದೀರಿ. ಅಂಗಡಿಯವರೇ ಎಂಬತ್ತಕ್ಕಿಂತ ಹೆಚ್ಚಿಗೆ ಕೊಡಲ್ಲ. ನಂಗೇನು ಉಳೀತು?”

ಮನೆಗೆ ಬಂದು ಲೆಕ್ಕವನ್ನು ಅಂಗಡಿಯ ಕಡೆಯಿಂದ ಹಿಂದಕ್ಕೆ ಬರೆದೆ. ಗಿರಾಕಿ ಕೊಡುವುದು 100. ಅಂಗಡಿಗೆ 80ಕ್ಕೆ ಸೇರಬೇಕು. ಏಜೆನ್ಸಿಯವರಿಗೆ ವ್ಯಾನಿನ ಖರ್ಚು, ಅಂಗಡಿಗಳ ಸಾಲ, ಒಡೆದ ಮಾಲು ಎಲ್ಲ ಇರುವುದರಿಂದ ಅವರಿಗೆ ಅದಕ್ಕಿಂತ ಕಡಿಮೆಗೆ ಸಿಗಬೇಕು. ಪರ್ಸೆಂಟ್ ಬರೆಯದೆ ರೂಪಾಯಿಯಲ್ಲೇ ಬರೆದೆ. ಇಪ್ಪತ್ತು ಪರ್ಸೆಂಟನ್ನು ಎಂಆರ್‌ಪಿಯ ಮೇಲೆ ಹಿಡಿದರೆ ಅಂಗಡಿಯ ಬೆಲೆ 80, ಕೊಂಡ ಬೆಲೆಯ ಮೇಲೆ ಹಿಡಿದರೆ 83. ಜಗಳ ಹುಟ್ಟುವುದೇ ಆ ಮೂರು ರೂಪಾಯಿಯಲ್ಲಿ.

ಬಾಕ್ಸಿಗೆ 40 ಪ್ಯಾಕೆಟ್. ಏಜೆನ್ಸಿಯವರು ಐದು ಬಾಕ್ಸ್ ಕೊಂಡರೆ ಪ್ಯಾಕೆಟ್ಟಿಗೆ 74, ಹತ್ತಾದರೆ 72, ಇಪ್ಪತ್ತೈದಾದರೆ 70. ಈ ಇಳಿಕೆಗೆ ಕಾರಣ ಗಾಡಿ ಬಾಡಿಗೆ. ಐದು ಬಾಕ್ಸ್ ಒಯ್ದರೂ ಇಪ್ಪತ್ತೈದು ಒಯ್ದರೂ ಬಾಡಿಗೆ ಸಾವಿರವೇ. ಐದು ಬಾಕ್ಸಿನಲ್ಲಿ ಅದು ಪ್ಯಾಕೆಟ್ಟಿಗೆ 5 ರೂಪಾಯಿ, ಇಪ್ಪತ್ತೈದರಲ್ಲಿ ಒಂದೇ ರೂಪಾಯಿ. ಎರಡರಲ್ಲೂ ನನಗೆ ಉಳಿಯುವುದು 11. ಇಪ್ಪತ್ತೈದರ ಮೇಲೆ ಎಷ್ಟೇ ಕೊಂಡರೂ 70ರಿಂದ ಕೆಳಗಿಳಿಯಲಾರೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದೆ. ಅವರು ಮಾಲು ಹಾಕುವ ಬೀದಿಗಳಲ್ಲಿ ನಾನೇ ನೇರವಾಗಿ ಅಂಗಡಿಗೆ ಮಾರುವುದಿಲ್ಲ ಎಂದೂ ಸೇರಿಸಿದೆ.

ಎರಡನೆಯ ಸಲ ಒಂದು ಬಾಕ್ಸ್ ಸ್ಯಾಂಪಲ್ ಒಯ್ದೆ. ಚೆಂದದ್ದನ್ನು ಆರಿಸದೆ, ಮಾರುವ ರಾಶಿಯಿಂದಲೇ ತುಂಬಿದ್ದೆ. ಐದು ಅಂಗಡಿಗೆ ಎಂಟೆಂಟು ಪ್ಯಾಕೆಟ್. ಅದರಲ್ಲಿ ಒಂದು ಪ್ಯಾಕೆಟ್ ಅಂಗಡಿಯವರ ಮನೆಗೆ ಪುಕ್ಕಟೆ, ಅವರೇ ಕರಿದು ತಿನ್ನಲಿ. ಉಳಿದ ಏಳರಲ್ಲಿ ಮಾರಿದ್ದಕ್ಕೆ ದುಡ್ಡು, ಮಾರದ್ದು ವಾಪಸ್, ಒಂದು ತಿಂಗಳ ಗಡುವು.

ತಿಂಗಳಾದ ಮೇಲೆ ಒಂದು ಅಂಗಡಿಯಿಂದ ಪುಡಿಯಾದ ಹಪ್ಪಳ ಬಂತು. ಅಕ್ಕಿ ಮೂಟೆಯ ಕೆಳಗೆ ಸಿಕ್ಕಿತ್ತಂತೆ. ಅಲ್ಲಿಂದಾಚೆ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿ ಕಳಿಸುತ್ತಿದ್ದೇನೆ. ಇನ್ನೊಂದು ಅಂಗಡಿಯಲ್ಲಿ ಎರಡೇ ಹೋಗಿದ್ದವು. ಮೂರು ಅಂಗಡಿಯವರು ಮಾತ್ರ ಮತ್ತೆ ಕೇಳಿದ್ದರು. ಸ್ಯಾಂಪಲ್ ತಿಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನಾವು ಎಣಿಸಬೇಕಾದದ್ದು ದುಡ್ಡು ಕೊಟ್ಟು ಎರಡನೆಯ ಸಲ ಕೇಳಿದವರನ್ನು. ಆ ಮೂರು ಅಂಗಡಿಯ ಲೆಕ್ಕ ನೋಡಿಯೇ ಏಜೆನ್ಸಿಯವರು ಮೊದಲ ಐದು ಬಾಕ್ಸ್ ಬರೆಸಿದರು.