ಗಡಿಯಾರಕ್ಕೂ ಒಂದು ಒಳಲೆ

ನಮ್ಮ ಮನೆಯಾಕೆಗೆ ಕಿವಿ ಸ್ವಲ್ಪ ಮಂದ. ಮೊಬೈಲಿನ ಅಲಾರಂ ಎಷ್ಟು ಹೊಡೆದುಕೊಂಡರೂ ಕೇಳಿಸುವುದಿಲ್ಲ. ಅದಕ್ಕೇ ಮಗ ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಬೆಳಿಗ್ಗೆ 7ಕ್ಕೆ, ರಾತ್ರಿ 8ಕ್ಕೆ ಅದು ಮಣಿಕಟ್ಟಿನ ಮೇಲೆ ಗುರ್ರೆಂದು ನಡುಗುತ್ತದೆ, ಅವಳು ಎದ್ದು ಬಿಪಿ ಮಾತ್ರೆ ನುಂಗುತ್ತಾಳೆ. ನನ್ನ ಕೂಗಿಗೆ ಏಳದವಳು ಅದರ ನಡುಕಕ್ಕೆ ಏಳುತ್ತಾಳೆ ಎಂಬುದು ಬೇರೆ ಮಾತು.

ಆ ವಾಚಿಗೆ ಚಾರ್ಜ್ ಮಾಡಲು ಪಿನ್ ಚುಚ್ಚುವ ತೂತೇ ಇಲ್ಲ. ಕೈ ತೊಳೆಯುವಾಗ, ಬೆವರಿದಾಗ ನೀರು ಒಳಗೆ ಹೋಗಬಾರದಲ್ಲ! ಬದಲಿಗೆ ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಎರಡು ಲೋಹದ ಚುಕ್ಕಿಗಳಿವೆ. ಜೊತೆಗೆ ಬಂದ ಪುಟ್ಟ ಬಟ್ಟಲಿನಲ್ಲಿ ಎರಡು ಸ್ಪ್ರಿಂಗ್ ಪಿನ್ನುಗಳಿವೆ. ವಾಚನ್ನು ಅದರಲ್ಲಿ ಮಲಗಿಸಿದರೆ ಅಯಸ್ಕಾಂತ ಟಕ್ಕೆಂದು ಎಳೆದು ಚುಕ್ಕಿಗೆ ಪಿನ್ ಸರಿಯಾಗಿ ಕೂರಿಸುತ್ತದೆ. ಅಂಗಡಿಯವರು ಡಾಕ್ ಅನ್ನುತ್ತಾರೆ. ಎಂಟನೇ ತರಗತಿಯ ಮೊಮ್ಮಗಳು ಪುಟ್ಟಿ ಅದಕ್ಕೆ ಇಟ್ಟ ಹೆಸರು ತೊಟ್ಟಿಲು.

ಒಮ್ಮೆ ಶಿವಮೊಗ್ಗದಲ್ಲಿ ಮದುವೆಗೆ ಹೋದಾಗ ತೊಟ್ಟಿಲನ್ನು ಅಲ್ಲೇ ಮರೆತು ಬಂದೆವು. ನಾನು ರಸ್ತೆಬದಿಯ ಅಂಗಡಿಯೊಂದರಲ್ಲಿ ಅದರಂತೆಯೇ ಕಾಣುವ ಇನ್ನೊಂದನ್ನು ಅಗ್ಗಕ್ಕೆ ತಂದೆ. ಅಯಸ್ಕಾಂತ ಕಚ್ಚಿಕೊಂಡಿತು, ಪರದೆಯಲ್ಲಿ ಮಿಂಚಿನ ಗುರುತೂ ಬಂತು. ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ವಾಚ್ ಸತ್ತು ಬಿದ್ದಿದೆ, ಮಾತ್ರೆ ತಪ್ಪಿದೆ, ಹತ್ತು ಗಂಟೆಗೆ ಇವಳಿಗೆ ತಲೆ ಭಾರ. ಹಿಂದಿನ ದಿನ ಪುಟ್ಟಿ ಆ ವಾಚ್ ಕಟ್ಟಿಕೊಂಡು ನಲ್ಲಿಯ ಕೆಳಗೆ ಕೈಯಾಡಿಸುತ್ತಿದ್ದುದು ನೆನಪಾಯಿತು. ನೀರು ಹೋಗಿ ಕೆಟ್ಟಿದೆ ಎಂದು ಅವಳನ್ನು ಚೆನ್ನಾಗಿಯೇ ಬೈದೆ. ಮಗು ಮಾತಾಡದೆ ಒಳಗೆ ಹೋಯಿತು.

ಸಂಜೆ ಅವಳೇ ಬಂದು, "ತಾತ, ಇಲ್ಲಿ ನೋಡಿ" ಎಂದು ಜಾಮಿಟ್ರಿ ಬಾಕ್ಸಿನ ಡಿವೈಡರ್ ತೋರಿಸಿದಳು. ವಾಚಿನ ಚುಕ್ಕಿಗಳ ನಡುವಿನ ಅಂತರಕ್ಕೆ ಡಿವೈಡರ್ ಹಿಡಿದು, ಅದನ್ನೇ ಹೊಸ ತೊಟ್ಟಿಲಿನ ಪಿನ್ನುಗಳ ಮೇಲಿಟ್ಟಳು. ಹೊಂದಲಿಲ್ಲ, ಪಿನ್ನುಗಳು ಕೂದಲೆಳೆಯಷ್ಟು ಹತ್ತಿರ ಇದ್ದವು. ಒಂದು ಪಿನ್ ಚುಕ್ಕಿಯ ಅಂಚನ್ನು ಮಾತ್ರ ಮುಟ್ಟುತ್ತಿತ್ತು. ಇಟ್ಟಾಗ ಮುಟ್ಟಿದ್ದು, ಸ್ವಲ್ಪ ಅಲುಗಿದರೆ ಬಿಟ್ಟುಹೋಗುತ್ತಿತ್ತು. ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಒಂದು ಕಂಪನಿಯ ತೊಟ್ಟಿಲಿನಲ್ಲಿ ಬಲಗಡೆಯ ಪಿನ್ ಪ್ಲಸ್ ಆಗಿದ್ದರೆ ಇನ್ನೊಂದರಲ್ಲಿ ಅದೇ ಮೈನಸ್ ಆಗಿರಬಹುದು. ಉಲ್ಟಾ ಸೇರಿದರೆ ತಡೆದುಕೊಳ್ಳುವ ಏರ್ಪಾಡು ಎಲ್ಲ ವಾಚುಗಳಲ್ಲೂ ಇರುತ್ತದೆಂದು ನಂಬುವಂತಿಲ್ಲ. ಆ ಮಾದರಿಯ ಹೆಸರು ಹೇಳಿ ಸರಿಯಾದ ತೊಟ್ಟಿಲನ್ನೇ ತರಿಸಿದೆ. ವಾಚ್ ಎದ್ದು ಕೂತಿತು. ಪುಟ್ಟಿಗೆ ತಪ್ಪಾಯಿತು ಎಂದೆ. ಬಡ್ಡಿ ಸಮೇತ ವಸೂಲಿ ಮಾಡುತ್ತೇನೆ ಅಂದಳು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ದಿನ ಗೊಟ್ಟಿಗೆರೆಯ ನಮ್ಮ ಬೀದಿಯಲ್ಲಿ ಕೇಬಲ್ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇಲ್ಲ. ತೊಟ್ಟಿಲಿನ ವೈರನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ಮಧ್ಯಾಹ್ನ ನೋಡಿದರೆ ವಾಚ್ 85 ಪರ್ಸೆಂಟಿಗೆ ನಿಂತಿದೆ, ಪವರ್ ಬ್ಯಾಂಕಿನ ದೀಪ ಆರಿದೆ. ಮತ್ತೆ ಒತ್ತಿದೆ, ಅರೆ ನಿಮಿಷ ಉರಿದು ಮತ್ತೆ ಆರಿತು. ನನ್ನ ಇಯರ್‌ಬಡ್ಸ್ ಡಬ್ಬಿ ಸಿಕ್ಕಿಸಿದರೂ ಕೊನೆಯಲ್ಲಿ ಅದೇ ಕಥೆ. ಮೊಬೈಲ್ ಮಾತ್ರ ಸರಾಗವಾಗಿ ತುಂಬಿತು. ವಾಚಿನ ಬ್ಯಾಟರಿ ಹೋಯಿತೇ, ಪವರ್ ಬ್ಯಾಂಕ್ ಹೋಯಿತೇ? ಈ ಸಲ ಯಾರನ್ನೂ ಬೈಯದೆ ಎಸ್.ಪಿ. ರಸ್ತೆಗೆ ಹೋಗಿ ಒಂದು ಯುಎಸ್‌ಬಿ ಮೀಟರ್ ತಂದೆ. ಬೆರಳುದ್ದದ ಸಾಮಾನು. ವೈರಿಗೂ ಚಾರ್ಜರಿಗೂ ನಡುವೆ ಸಿಕ್ಕಿಸಿದರೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ಪೂರ್ತಿ ಇಳಿದ ವಾಚನ್ನು ಗೋಡೆಯ ಅಡಾಪ್ಟರಿಗೆ ಸಿಕ್ಕಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಂಡೆ. ಮೊದಲ 1 ಗಂಟೆ 20 ನಿಮಿಷ ಅದು ಕುಡಿದದ್ದು ಒಂದೇ ಸಮ, 150 ಮಿಲಿ ಆಂಪಿಯರ್. ಆಮೇಲೆ ತಾನಾಗಿ ಕಡಿಮೆ ಮಾಡುತ್ತಾ ಬಂತು. 1 ಗಂಟೆ 40 ನಿಮಿಷಕ್ಕೆ 90, ಎರಡು ಗಂಟೆಗೆ 50, ಕೊನೆಗೆ 20. ನನ್ನ ಮೊಬೈಲ್ ಅದೇ ಅಡಾಪ್ಟರಿನಿಂದ ಸುಮಾರು 2000 ಎಳೆಯಿತು.

ಇಷ್ಟು ಗುಟುಕು ಗುಟುಕಾಗಿ ಏಕೆ ಕುಡಿಯುತ್ತದೆ? ಮೊಬೈಲಿನ ಬ್ಯಾಟರಿ 5000 ಎಂಎಎಚ್, ಈ ವಾಚಿನದು 300. ಅಂದರೆ 300 ಮಿಲಿ ಆಂಪಿಯರ್ ಹರಿಸಿದರೆ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ತುಂಬುವಷ್ಟು ಪುಟ್ಟದು. ಕಿವಿಯಲ್ಲಿಡುವ ಒಂದೊಂದು ಬಡ್‌ನ ಬ್ಯಾಟರಿಯಂತೂ 50ರ ಆಸುಪಾಸು. ಚಾರ್ಜ್ ಆಗುವಾಗ ಲಿಥಿಯಂನ ಕಣಗಳು ಗ್ರಾಫೈಟಿನ ಪದರಗಳ ನಡುವೆ ನುಸುಳಿ ಕೂರಬೇಕು. ನಮ್ಮ ಬ್ಯಾಂಕಿನಲ್ಲಿ ಒಂದೇ ಕೌಂಟರಿಗೆ ನೂರು ಜನ ಒಮ್ಮೆಲೇ ನುಗ್ಗಿದರೆ ಬಾಗಿಲಲ್ಲೇ ಜಾಮ್ ಆಗುತ್ತಿತ್ತಲ್ಲ, ಹಾಗೆ ಕಣಗಳನ್ನು ಅವಸರದಿಂದ ತಳ್ಳಿದರೆ ಅವು ಒಳಗೆ ಹೋಗದೆ ಹೊರಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಅಂಟಿದ್ದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬ್ಯಾಟರಿ ಬೇಗ ಸೊರಗುತ್ತದೆ. ತುಂಬುತ್ತಾ ಬಂದಂತೆ ಜಾಗ ಕಡಿಮೆ, ಆದ್ದರಿಂದ ಗುಟುಕೂ ಸಣ್ಣದು. ಹಿಂದೆ ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕುತ್ತಿದ್ದುದನ್ನು ನೋಡಿದ ಅಜ್ಜಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗಾದರೆ ಮೊಬೈಲಿನ ದೊಡ್ಡ ಅಡಾಪ್ಟರ್ ವಾಚನ್ನು ಸುಟ್ಟುಬಿಡುವುದಿಲ್ಲವೇ ಎಂದು ನಮ್ಮವಳ ಹೆದರಿಕೆ. ಒಳ್ಳೆಯ ಅಡಾಪ್ಟರ್ ಕರೆಂಟನ್ನು ತಳ್ಳುವುದಿಲ್ಲ, 5 ವೋಲ್ಟ್ ಇಟ್ಟುಕೊಂಡು ಕಾಯುತ್ತದೆ. ಹೆಚ್ಚು ವೋಲ್ಟ್ ಕೊಡುವುದು ಸಿಕ್ಕಿಸಿದ ಸಾಧನ ಕೇಳಿದರೆ ಮಾತ್ರ. ಎಷ್ಟು ಎಳೆಯಬೇಕೆಂದು ಅಳೆಯುವ ಚಿಪ್ ವಾಚಿನೊಳಗೇ ಇದೆ. ಊರ ಟ್ಯಾಂಕು ಎಷ್ಟೇ ದೊಡ್ಡದಿರಲಿ, ನಮ್ಮ ನಲ್ಲಿಯಲ್ಲಿ ತಿರುಗಿಸಿದಷ್ಟೇ ನೀರು ಬರುವುದು.

ಪವರ್ ಬ್ಯಾಂಕಿನ ತೊಂದರೆ ಇದಕ್ಕೆ ತದ್ವಿರುದ್ಧ. ಅದು ಕರೆಂಟ್ ಉಳಿಸಲು, ಯಾರೂ ಕುಡಿಯುತ್ತಿಲ್ಲ ಅನ್ನಿಸಿದರೆ ತಾನೇ ಆರಿಹೋಗುವಂತೆ ಮಾಡಿರುತ್ತಾರೆ. ಮೀಟರ್ ಹಾಕಿ ನೋಡಿದೆ: ನನ್ನದು 100 ಮಿಲಿ ಆಂಪಿಯರಿಗಿಂತ ಕೆಳಗಿಳಿದ ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ವಾಚ್ 85 ಪರ್ಸೆಂಟ್ ಮುಟ್ಟುವ ಹೊತ್ತಿಗೆ ಅದರ ಗುಟುಕು 90ಕ್ಕೆ ಇಳಿದಿರುತ್ತದಲ್ಲ, ಅಲ್ಲಿಗೆ ಪವರ್ ಬ್ಯಾಂಕು ಮಗು ಮಲಗಿತೆಂದು ಒಳಲೆ ಎತ್ತಿಟ್ಟುಬಿಡುತ್ತಿತ್ತು. ಗೋಡೆಯಲ್ಲಿ ಸಿಕ್ಕಿಸಿದಾಗ ವಾಚ್ ನೂರು ಮುಟ್ಟಿದೆ; ಹಾಗಾಗಿ ಅದರ ಬ್ಯಾಟರಿಯದೇನೂ ತಪ್ಪಿಲ್ಲ.

ಉಪಾಯ ಸಿಕ್ಕಿದ್ದು ಡ್ರಾಯರಿನಲ್ಲಿ ಬಿದ್ದಿದ್ದ ಪವರ್ ಬ್ಯಾಂಕಿನ ಮಡಿಚಿದ ಚೀಟಿಯಲ್ಲಿ. ಅಕ್ಷರ ಇರುವೆಯಷ್ಟು, ಪುಟ್ಟಿಯೇ ಓದಿ ಹೇಳಿದಳು. ಗುಂಡಿಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಸಣ್ಣ ಸಾಧನಗಳಿಗೆಂದು ಎರಡು ಗಂಟೆ ಆರದೆ ಇರುತ್ತದಂತೆ. ಎಲ್ಲ ಪವರ್ ಬ್ಯಾಂಕುಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಇದ್ದರೂ ಒತ್ತುವ ರೀತಿ ಬೇರೆ ಇರಬಹುದು. ಒತ್ತಿದೆವು. ಮೀಟರಿನಲ್ಲಿ 90, 50, 20 ಎಂದು ಇಳಿಯುತ್ತಾ ಹೋದರೂ ದೀಪ ಆರಲಿಲ್ಲ, ವಾಚ್ ನೂರು ತೋರಿಸಿತು.

ಲೆಡ್ಜರಿನಲ್ಲಿ ಆ ಪುಟದ ಕೆಳಗೆ ಪುಟ್ಟಿ ತನ್ನ ಕೈಯಲ್ಲೇ ಬರೆದಿದ್ದಾಳೆ: ತಾತ ಕೊಡಬೇಕಾದ ಬಾಕಿ, ಮಸಾಲೆ ದೋಸೆ ಎರಡು. ಅಜ್ಜಿಗೂ ಒಂದು ಸೇರಿಸಿದ್ದಾಳೆ.